ಮೂರು ಎಳೆ ಒಂದಾಗುವ ರಂಗೋಲಿ

ಸಂಕ್ರಾಂತಿಯ ಬೆಳಗ್ಗೆ ಬೀದಿಯಲ್ಲಿ ನಡೆದು ಹೋದರೆ ಎರಡು ಬಗೆಯ ಚುಕ್ಕಿ ರಂಗೋಲಿ ಕಾಣುತ್ತವೆ. ಒಂದರಲ್ಲಿ ಚುಕ್ಕಿಯಿಂದ ಚುಕ್ಕಿಗೆ ಗೆರೆ ಎಳೆದು ಹೂವು, ನಕ್ಷತ್ರ, ಕಬ್ಬಿನ ಜಲ್ಲೆ, ಹಾಲು ಉಕ್ಕುವ ಮಡಕೆ ಬಿಡಿಸಿರುತ್ತಾರೆ. ಇನ್ನೊಂದರಲ್ಲಿ ಗೆರೆ ಚುಕ್ಕಿಯನ್ನು ಮುಟ್ಟುವುದೇ ಇಲ್ಲ. ಚುಕ್ಕಿಯ ಪಕ್ಕದಲ್ಲಿ ಓರೆಯಾಗಿ ಹೋಗಿ, ಅಂಚಿನಲ್ಲಿ ಬಳಸಿಕೊಂಡು ತಿರುಗಿ, ತನ್ನನ್ನೇ ದಾಟಿ, ಕೊನೆಗೆ ಹೊರಟ ಜಾಗಕ್ಕೇ ಬಂದು ಸೇರುತ್ತದೆ. ಹೀಗೆ ಬಳಸಿ ಬರುವ ಗೆರೆಯನ್ನು ಎಳೆ ಎನ್ನೋಣ. ನಮ್ಮ ನೆರೆಯ ತಮಿಳರು ಇಂಥ ರಂಗೋಲಿಗೆ ಸಿಕ್ಕು ಕೋಲಂ ಎನ್ನುತ್ತಾರೆ.

ಮಕ್ಕಳೇ, ಈ ಎರಡನೇ ಬಗೆಯಲ್ಲಿ ಒಂದು ಚೆಂದದ ಪ್ರಶ್ನೆ ಅಡಗಿದೆ. ನೋಡಲು ಒಂದೇ ಎಳೆ ಇದ್ದಂತೆ ಕಾಣುವ ರಂಗೋಲಿಯಲ್ಲಿ ನಿಜವಾಗಿ ಎಷ್ಟು ಎಳೆಗಳಿವೆ? ಒಂದೇ ಇದೆಯೋ, ಎರಡು ಮೂರು ಬೇರೆ ಬೇರೆ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿವೆಯೋ? ಚುಕ್ಕಿ ಇಟ್ಟ ಕೂಡಲೇ, ಒಂದು ಎಳೆಯನ್ನೂ ಎಳೆಯುವ ಮೊದಲೇ, ಇದನ್ನು ಹೇಳಲು ಬರುತ್ತದೆ. ಹೇಗೆ ಅನ್ನುವುದನ್ನು ಒಂಬತ್ತು ಚುಕ್ಕಿಯ ಪುಟ್ಟ ರಂಗೋಲಿಯೊಂದನ್ನು ಹಂತಹಂತವಾಗಿ ಹಾಕುತ್ತಲೇ ನೋಡೋಣ.

ಮೊದಲು ನೆಲ. ಅಂಗಳ ಗುಡಿಸಿ, ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಿಡಬೇಕು. ಒಣಗಿದ ಸಿಮೆಂಟಿನ ಮೇಲೆ ಪುಡಿ ನಿಲ್ಲುವುದಿಲ್ಲ, ಗಾಳಿ ಬಂದರೆ ಎದ್ದು ಹೋಗುತ್ತದೆ. ನೆಲ ತೇವವಾಗಿದ್ದರೆ ಪುಡಿಯ ಒಂದೊಂದು ಹರಳಿನ ಸುತ್ತ ನೀರಿನ ತೆಳು ಪದರ ಹತ್ತಿಕೊಳ್ಳುತ್ತದೆ. ಆ ನೀರೇ ಹರಳನ್ನು ನೆಲಕ್ಕೆ ಹಿಡಿದಿಡುತ್ತದೆ. ಹಾಗೆಂದು ನೀರು ನಿಂತ ನೆಲದ ಮೇಲೆ ಹಾಕಲು ಹೋಗಬೇಡಿ. ಅಲ್ಲಿ ಹರಳುಗಳು ತೇಲಿ ಹರಡಿಕೊಂಡು ಗೆರೆ ದಪ್ಪಗಾಗುತ್ತದೆ, ಅಂಚು ಕಲಸಿ ಹೋಗುತ್ತದೆ. ಸರಿಯಾದ ಹೊತ್ತು ಯಾವುದು ಅಂತ ಕಣ್ಣಿಗೇ ಗೊತ್ತಾಗುತ್ತದೆ: ನೆಲದ ಮೇಲಿನ ನೀರಿನ ಹೊಳಪು ಹೋಗಿರಬೇಕು, ಒದ್ದೆಯ ಕಪ್ಪು ಬಣ್ಣ ಮಾತ್ರ ಉಳಿದಿರಬೇಕು. ಸಗಣಿ ಸಾರಿಸಿದ ಮಣ್ಣಿನ ಅಂಗಳವಿದ್ದರೆ ಇನ್ನೂ ಒಳ್ಳೆಯದು, ಆ ಗಾಢ ಬಣ್ಣದ ಮೇಲೆ ಬಿಳಿ ಗೆರೆ ಎದ್ದು ಕಾಣುತ್ತದೆ.

ಪುಡಿಯ ಬಗ್ಗೆಯೂ ಒಂದು ಮಾತು. ಅಂಗಡಿಯಲ್ಲಿ ಸಿಗುವ ರಂಗೋಲಿ ಪುಡಿ ಬಿಳಿ ಕಲ್ಲನ್ನು ಅರೆದು ಮಾಡಿದ್ದು, ಹಲವು ಕಡೆ ಬೆಣಚುಕಲ್ಲಿನದು. ಅದು ತರಿತರಿಯಾಗಿರುವುದರಿಂದಲೇ ಹೆಬ್ಬೆರಳು ತೋರುಬೆರಳಿನ ನಡುವಿನಿಂದ ಸಲೀಸಾಗಿ ಜಾರುತ್ತದೆ. ಅಕ್ಕಿ ಹಿಟ್ಟು ಅದಕ್ಕಿಂತ ನುಣುಪು, ಬೆರಳು ಬೆವರಿದರೆ ಅಂಟಿಕೊಳ್ಳುತ್ತದೆ, ಗೆರೆ ತುಂಡುತುಂಡಾಗುತ್ತದೆ. ಆದರೆ ಇರುವೆಗೆ ಊಟವಾಗುವುದು ಅಕ್ಕಿ ಹಿಟ್ಟೇ. ಕಲ್ಲಿನ ಪುಡಿಯನ್ನು ಡಬ್ಬಿಗೆ ಸುರಿಯುವಾಗ ಮುಖ ಆಚೆ ತಿರುಗಿಸಿಕೊಳ್ಳಿ. ಅದರ ಸಣ್ಣ ದೂಳು ಉಸಿರಿನ ಜೊತೆ ಒಳಗೆ ಹೋಗಬಾರದು.

ಈಗ ಚುಕ್ಕಿ. ಮೂರು ಸಾಲು, ಸಾಲಿಗೆ ಮೂರು, ಒಂದರ ಕೆಳಗೆ ಒಂದು ನೇರವಾಗಿ. ಇದಕ್ಕೆ ನೇರ ಚುಕ್ಕಿ ಎನ್ನುತ್ತಾರೆ. ಎರಡು ಚುಕ್ಕಿಯ ನಡುವಿನ ಸಂದಿಗೆ ಸರಿಯಾಗಿ ಮುಂದಿನ ಸಾಲಿನ ಚುಕ್ಕಿ ಇಡುವ ಸಂದು ಚುಕ್ಕಿಯ ಲೆಕ್ಕ ಬೇರೆ, ಅದು ಇವತ್ತು ಬೇಡ. ಚುಕ್ಕಿಯಿಂದ ಚುಕ್ಕಿಗೆ ನಿಮ್ಮ ನಾಲ್ಕು ಬೆರಳಿನ ಅಗಲ ಬಿಡಿ. ಅಡ್ಡಕ್ಕೂ ಅಷ್ಟೇ, ಉದ್ದಕ್ಕೂ ಅಷ್ಟೇ. ನಡುವಿನ ಚುಕ್ಕಿಯನ್ನು ಮೊದಲು ಇಟ್ಟು ಅಲ್ಲಿಂದ ನಾಲ್ಕೂ ಕಡೆಗೆ ಅಳೆದುಕೊಂಡು ಹೋಗುವುದು ಒಳ್ಳೆಯದು. ಒಂದು ತುದಿಯಿಂದ ಶುರುಮಾಡಿದರೆ ಪ್ರತಿ ಸಂದಿನಲ್ಲೂ ಆಗುವ ಕೂದಲೆಳೆಯ ತಪ್ಪು ಸೇರುತ್ತಾ ಹೋಗಿ, ದೊಡ್ಡ ರಂಗೋಲಿಯಲ್ಲಿ ಇನ್ನೊಂದು ತುದಿ ತಲುಪುವಷ್ಟರಲ್ಲಿ ಬೆರಳಗಲ ಆಗಿಬಿಟ್ಟಿರುತ್ತದೆ. ಮಾತಾಡಲು ಸುಲಭವಾಗಲೆಂದು ಚುಕ್ಕಿಗಳಿಗೆ ಹೀಗೆ ಸಂಖ್ಯೆ ಕೊಡೋಣ:

1   2   3
4   5   6
7   8   9

ಮುಂದಿನ ಹಂತ ಗುಣಿಸುವ ಗುರುತು. ಅಕ್ಕಪಕ್ಕದ ಎರಡು ಚುಕ್ಕಿಗಳ ನಡುವೆ, ಸರಿಯಾಗಿ ಮಧ್ಯದಲ್ಲಿ, ಸಣ್ಣದಾಗಿ × ಹಾಕಿ. 1 ಮತ್ತು 2ರ ನಡುವೆ ಒಂದು, 2 ಮತ್ತು 3ರ ನಡುವೆ ಒಂದು, 1 ಮತ್ತು 4ರ ನಡುವೆ ಒಂದು, ಹೀಗೆ. ಓರೆಯಾಗಿರುವ ಚುಕ್ಕಿಗಳ ನಡುವೆ, ಅಂದರೆ 1 ಮತ್ತು 5ರ ನಡುವೆ, ಹಾಕುವಂತಿಲ್ಲ. ಅಡ್ಡ ಸಂದು ಆರು, ಉದ್ದ ಸಂದು ಆರು, ಒಟ್ಟು 12 ಗುರುತುಗಳು ಆಗಬೇಕು. ಎಳೆಗಳು ಒಂದನ್ನೊಂದು ದಾಟುವುದು ಈ 12 ಜಾಗಗಳಲ್ಲಿ ಮಾತ್ರ.

ಇನ್ನು ಗುರುತಿನ ತೋಳುಗಳನ್ನು ಜೋಡಿಸುವುದು. ಒಳಗಡೆ ಇದು ತಾನಾಗಿಯೇ ಆಗುತ್ತದೆ: ಒಂದು ಗುರುತಿನ ತೋಳು ಹೊರಟ ದಿಕ್ಕಿನಲ್ಲೇ ಓರೆಯಾಗಿ ಮುಂದುವರಿದರೆ ಪಕ್ಕದ ಗುರುತಿನ ತೋಳು ಎದುರಿಗೇ ಸಿಗುತ್ತದೆ. ಅಂಚಿನಲ್ಲಿ ಮಾತ್ರ ಎಳೆ ಬಾಗಬೇಕು. 1–2ರ ನಡುವಿನ ಗುರುತಿನಿಂದ ಮೇಲಕ್ಕೆ ಬಲಕ್ಕೆ ಹೋದ ತೋಳು 2ರ ನೆತ್ತಿಯ ಮೇಲೆ ಕಮಾನಿನಂತೆ ಬಾಗಿ 2–3ರ ನಡುವಿನ ಗುರುತಿಗೆ ಇಳಿಯುತ್ತದೆ. ಅದೇ ಗುರುತಿನಿಂದ ಮೇಲಕ್ಕೆ ಎಡಕ್ಕೆ ಹೋದ ತೋಳು ಮೂಲೆಯ 1ನ್ನು ಹೊರಗಿನಿಂದ ಸುತ್ತಿ 1–4ರ ನಡುವಿನ ಗುರುತಿಗೆ ಸೇರುತ್ತದೆ. ನಾಲ್ಕೂ ಬದಿಗೆ ಹೀಗೆಯೇ. ಎಲ್ಲ ತೋಳುಗಳಿಗೂ ಜೊತೆ ಸಿಕ್ಕಿ, ಒಂದು ತುದಿಯೂ ತೆರೆದು ಉಳಿಯದಿದ್ದರೆ ರಂಗೋಲಿ ಸರಿಯಾಗಿದೆ. ಎಲ್ಲೋ ಒಂದು ತೋಳು ಒಂಟಿಯಾಗಿ ಉಳಿದಿದೆ ಅಂದರೆ ಅದರ ಆಸುಪಾಸಿನ ಯಾವುದೋ ಸಂದಿನಲ್ಲಿ ಗುರುತು ಹಾಕಲು ಮರೆತಿದ್ದೀರಿ.

ಈಗ ಎಳೆ ಎಣಿಸೋಣ. 1ರ ಹೊರಬದಿಯಲ್ಲಿ ಬೆರಳಿಟ್ಟು ಎಳೆಯ ಮೇಲೆಯೇ ಸಾಗಿ. ಗುರುತು ಬಂದಾಗ ತಿರುಗಬಾರದು, ನೇರ ದಾಟಬೇಕು. ಬೆರಳು 5ರ ಪಕ್ಕದಲ್ಲಿ ಓರೆಯಾಗಿ ಹೋಗಿ, 9ನ್ನು ಸುತ್ತಿ, 5ರ ಇನ್ನೊಂದು ಪಕ್ಕದಿಂದ ವಾಪಸ್ 1ಕ್ಕೇ ಬರುತ್ತದೆ. ಅಲ್ಲಿಗೆ ಆ ಎಳೆ ಮುಗಿಯಿತು. 1, 5, 9 ಮೂರನ್ನು ಮಾತ್ರ ಒಳಗಿಟ್ಟುಕೊಂಡ ಉದ್ದನೆಯ ಎಳೆ ಅದು. 3ರಿಂದ ಹೊರಟರೆ ಇಂಥದೇ ಇನ್ನೊಂದು ಎಳೆ 3, 5, 7ನ್ನು ಸುತ್ತುತ್ತದೆ. 2ರಿಂದ ಹೊರಟರೆ ಬೆರಳು 6, 8, 4ರ ಹೊರಗಿನಿಂದ ಹಾದು 2ಕ್ಕೆ ಮರಳುತ್ತದೆ. ಅದು ವಜ್ರದ ಆಕಾರದ ಎಳೆ. ಒಟ್ಟು ಮೂರು. ಅರಿಸಿನ, ಕುಂಕುಮ, ಬಿಳಿ ಪುಡಿಯಲ್ಲಿ ಒಂದೊಂದನ್ನು ಎಳೆದರೆ ಮೂರೂ ಬೇರೆ ಬೇರೆ ಎಂದು ಎದ್ದು ಕಾಣುತ್ತದೆ. ನಡುವಿನ 5 ಒಂದೇ ಮೂರೂ ಎಳೆಗಳ ಒಳಗಿದೆ ಅನ್ನುವುದನ್ನೂ ಗಮನಿಸಿ.

ಹೀಗೇಕೆ ಮೂರು? ಎಳೆಯ ನಡೆ ಕ್ಯಾರಂ ಬೋರ್ಡಿನ ಸ್ಟ್ರೈಕರಿನ ನಡೆಯ ಹಾಗೆ. ಓರೆಯಾಗಿ ಹೊಡೆದ ಸ್ಟ್ರೈಕರ್ ಅಂಚಿಗೆ ಬಡಿದು ಅಷ್ಟೇ ಓರೆಯಾಗಿ ಹಿಂದಿರುಗುತ್ತದಲ್ಲ, ಎಳೆಯೂ ಚುಕ್ಕಿಗಳ ಸುತ್ತ ಕಾಣದ ಚೌಕಟ್ಟೊಂದಕ್ಕೆ ಬಡಿದು ತಿರುಗುತ್ತದೆ. ಆದ್ದರಿಂದ ಎಷ್ಟು ಎಳೆ ಎಂಬುದನ್ನು ನಿರ್ಧರಿಸುವುದು ಚೌಕಟ್ಟಿನ ಉದ್ದ ಅಗಲ, ಅಂದರೆ ಚುಕ್ಕಿಯ ಸಾಲುಗಳ ಲೆಕ್ಕ. ನಿಮ್ಮ ಕೈಚಳಕಕ್ಕೂ ಇದಕ್ಕೂ ಸಂಬಂಧವಿಲ್ಲ.

ನಂಬಿಕೆ ಬರದಿದ್ದರೆ ಅದೇ ಚುಕ್ಕಿಗಳ ಕೆಳಗೆ 10, 11, 12 ಎಂದು ಇನ್ನೊಂದು ಸಾಲು ಸೇರಿಸಿ ಮೊದಲಿನಿಂದ ಹಾಕಿ. ಗುರುತುಗಳು ಈಗ 17 ಆಗುತ್ತವೆ. ಬೆರಳಿಟ್ಟು 1ರಿಂದ ಹೊರಡಿ. ಈ ಸಲ ಎಳೆ ಬೇಗ ಮನೆಗೆ ಬರುವುದಿಲ್ಲ. ಅಂಚಿನ ಹತ್ತೂ ಚುಕ್ಕಿಗಳ ಹೊರಗಿನಿಂದ ಹಾದು, ಪ್ರತಿ ಗುರುತನ್ನೂ ಎರಡೆರಡು ಸಲ ದಾಟಿಯೇ ಅದು 1ಕ್ಕೆ ಸೇರುವುದು. ಇಡೀ ರಂಗೋಲಿ ಒಂದೇ ಎಳೆ! ಚುಕ್ಕಿ ಹೆಚ್ಚಾಯಿತು, ಎಳೆ ಮೂರರಿಂದ ಒಂದಕ್ಕೆ ಇಳಿಯಿತು. ಸಾಲಿಗೆ ನಾಲ್ಕರಂತೆ ಆರು ಸಾಲು ಹಾಕಿದರೆ ಎರಡು ಎಳೆ ಬರುತ್ತವೆ, ನಾಲ್ಕರಂತೆ ನಾಲ್ಕು ಸಾಲು ಹಾಕಿದರೆ ನಾಲ್ಕು.

3 ಮತ್ತು 3ಕ್ಕೆ ಮೂರು, 3 ಮತ್ತು 4ಕ್ಕೆ ಒಂದು, 4 ಮತ್ತು 6ಕ್ಕೆ ಎರಡು. ಈ ಉತ್ತರಗಳನ್ನು ನೀವು ಗಣಿತದ ತರಗತಿಯಲ್ಲಿ ಈಗಾಗಲೇ ಕಂಡಿದ್ದೀರಿ. ಎರಡು ಸಂಖ್ಯೆಗಳನ್ನೂ ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ, ಅಂದರೆ ಮ.ಸಾ.ಅ. ಚುಕ್ಕಿಯ ಅಡ್ಡ ಸಾಲು ಮತ್ತು ಉದ್ದ ಸಾಲುಗಳ ಮ.ಸಾ.ಅ. ಎಷ್ಟೋ ಅಷ್ಟೇ ಎಳೆಗಳು. ಪರೀಕ್ಷೆಯ ಹಾಳೆಯಲ್ಲಿ ಬರೀ ಲೆಕ್ಕವಾಗಿದ್ದ ಮ.ಸಾ.ಅ. ಹಬ್ಬದ ಅಂಗಳದಲ್ಲಿ ಕಣ್ಣಿಗೇ ಕಾಣುತ್ತದೆ ಎನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ.

ಇದು ಏಕೆ ಹೀಗೆ ಎಂದು ಕೇಳದೆ ಬಿಡಬಾರದು, ಕಾರಣವೂ ಅಷ್ಟೇ ಸೊಗಸಾಗಿದೆ. ಸಾಲಿಗೆ ಮೂರರಂತೆ ಐದು ಸಾಲು ಚುಕ್ಕಿ ಇಡಿ. ಮೇಲಿನ ಮೂರು ಸಾಲು ಸೇರಿ ನಮ್ಮ ಹಳೆಯ ಒಂಬತ್ತು ಚುಕ್ಕಿಯ ಚೌಕ, ಕೆಳಗೆ ಎರಡು ಸಾಲು ಹೆಚ್ಚುವರಿ. ಚೌಕಕ್ಕೂ ಕೆಳಗಿನ ಭಾಗಕ್ಕೂ ನಡುವೆ ಎಳೆಗಳು ಓಡಾಡುವುದು 7, 8, 9ರ ಕೆಳಗಿರುವ ಮೂರು ಗುರುತುಗಳ ಮೂಲಕ ಮಾತ್ರ. 7ರ ಕೆಳಗಿನ ಗುರುತಿನಿಂದ ಬಲಕ್ಕೆ ಮೇಲಕ್ಕೆ ಹೋಗುವ ತೋಳನ್ನು ಹಿಡಿದು ಚೌಕದೊಳಗೆ ನುಗ್ಗಿ. 5ರ ಪಕ್ಕದಲ್ಲಿ ಹಾದು, 3ನ್ನು ಸುತ್ತಿ, 5ರ ಆಚೆ ಪಕ್ಕದಿಂದ ಇಳಿದು, 7ರ ಎಡಗಡೆ ಬಳಸಿ ಎಲ್ಲಿಗೆ ಬಂದಿರಿ? ಹೊರಟ ಗುರುತಿಗೇ, ಅದರ ಇನ್ನೊಂದು ತೋಳಿನ ಮೂಲಕ. 8ರ ಕೆಳಗಿನಿಂದ ನುಗ್ಗಿದರೆ 6, 2, 4ನ್ನು ಹೊರಗಿನಿಂದ ಬಳಸಿ ಮತ್ತೆ 8ರ ಕೆಳಗೇ ಇಳಿಯುತ್ತೀರಿ. 9ಕ್ಕೂ ಹಾಗೆಯೇ.

ಅಂದರೆ ಚೌಕದೊಳಗೆ ಹೋದ ಎಳೆ ಎಲ್ಲೆಲ್ಲೋ ಸುತ್ತಿದರೂ ಹೋದ ಬಾಗಿಲಿನಿಂದಲೇ ಹೊರಗೆ ಬರುತ್ತದೆ. ಚೌಕವೇ ಇಲ್ಲದೆ ಅಲ್ಲೊಂದು ಗೋಡೆ ಇದ್ದಿದ್ದರೂ ಎಳೆ ಗೋಡೆಗೆ ಬಡಿದು ಅದೇ ಜಾಗದಿಂದ ಹಿಂದಿರುಗುತ್ತಿತ್ತು. ಆದ್ದರಿಂದ ಇಡೀ ಚೌಕವನ್ನು ಅಳಿಸಿ ಅಂಚಿನಲ್ಲಿ ಎಳೆಗಳನ್ನು ಬಾಗಿಸಿಬಿಟ್ಟರೆ ಎಳೆಗಳ ಸಂಖ್ಯೆ ಒಂದಿಷ್ಟೂ ಬದಲಾಗುವುದಿಲ್ಲ. 3 ಮತ್ತು 5ರ ರಂಗೋಲಿಯಲ್ಲಿ ಎಷ್ಟು ಎಳೆಯೋ 3 ಮತ್ತು 2ರ ರಂಗೋಲಿಯಲ್ಲೂ ಅಷ್ಟೇ. ಅದರಿಂದ 2 ಮತ್ತು 2ರ ಚೌಕ ತೆಗೆದರೆ ಉಳಿಯುವುದು 1 ಮತ್ತು 2. ಇನ್ನೊಂದು ಚೌಕ ತೆಗೆದರೆ ಒಂದೇ ಚುಕ್ಕಿ. ಒಂದು ಚುಕ್ಕಿಯ ಸುತ್ತ ಒಂದೇ ಎಳೆ ಇರಲು ಸಾಧ್ಯ. ದೊಡ್ಡದರಿಂದ ಚಿಕ್ಕದನ್ನು ಕಳೆಯುತ್ತಾ ಹೋಗಿ ಮ.ಸಾ.ಅ. ಕಂಡುಹಿಡಿಯುವ ಈ ಉಪಾಯವನ್ನು ಸುಮಾರು 2,300 ವರ್ಷಗಳ ಹಿಂದೆ ಗ್ರೀಕ್ ಗಣಿತಜ್ಞ ಯೂಕ್ಲಿಡ್ ತನ್ನ ಪುಸ್ತಕದಲ್ಲಿ ಬರೆದಿಟ್ಟ. ಅವನು ಸಂಖ್ಯೆ ಕಳೆದ, ನಾವು ಚುಕ್ಕಿಯ ಚೌಕ ಕಳೆದೆವು.

ಈಗ ಒಂಬತ್ತು ಚುಕ್ಕಿಗೆ ಮರಳೋಣ. ಅದರ ಮೂರು ಎಳೆಗಳನ್ನು ಚುಕ್ಕಿ ಸೇರಿಸದೆಯೇ ಒಂದು ಮಾಡಬೇಕಾಗಿದೆ. 1 ಮತ್ತು 2ರ ನಡುವಿನ ಗುರುತನ್ನು ಬಟ್ಟೆಯ ತುದಿಯಿಂದ ಒರೆಸಿ. ನಾಲ್ಕು ತೋಳಿನ ತುದಿಗಳು ಉಳಿಯುತ್ತವೆ. ಅವುಗಳನ್ನು ಅಡ್ಡ ಹಾಯಿಸದೆ, ಎಡಗಡೆಯ ಎರಡನ್ನು ಒಂದಕ್ಕೊಂದು, ಬಲಗಡೆಯ ಎರಡನ್ನು ಒಂದಕ್ಕೊಂದು ಬಾಗಿಸಿ ಸೇರಿಸಿ. ಮೊದಲು × ಇದ್ದ ಜಾಗದಲ್ಲಿ ಈಗ ಬೆನ್ನಿಗೆ ಬೆನ್ನು ಕೊಟ್ಟ ಎರಡು ಬಾಗು ಕಾಣುತ್ತವೆ, ಹೀಗೆ: )(

ಅಲ್ಲಿ ದಾಟುತ್ತಿದ್ದದ್ದು 1–5–9ರ ಎಳೆ ಮತ್ತು ವಜ್ರದ ಎಳೆ. ದಾಟುವುದನ್ನು ತಪ್ಪಿಸಿದ ಕೂಡಲೇ ಒಂದರ ಮೇಲೆ ಹೋಗುತ್ತಿದ್ದ ಬೆರಳು ಇನ್ನೊಂದಕ್ಕೆ ಹೊರಳುತ್ತದೆ, ಅದನ್ನು ಪೂರ್ತಿ ಸುತ್ತಿ ಮತ್ತೆ ಮೊದಲಿನದಕ್ಕೆ ಬರುತ್ತದೆ. ಎರಡು ಎಳೆ ಒಂದಾದವು. ಇನ್ನು 2 ಮತ್ತು 3ರ ನಡುವಿನ ಗುರುತನ್ನೂ ಹಾಗೆಯೇ ಮಾಡಿ. ಅಲ್ಲಿ 3–5–7ರ ಎಳೆ ವಜ್ರದ ಎಳೆಯನ್ನು ದಾಟುತ್ತಿತ್ತು, ಈಗ ಅದೂ ಸೇರಿಕೊಂಡಿತು. ಬೆರಳಿಟ್ಟು ನೋಡಿ, ಅಂಚಿನ ಎಂಟೂ ಚುಕ್ಕಿಗಳ ಹೊರಬದಿಯನ್ನು ಒಂದೇ ಓಟದಲ್ಲಿ ಮುಟ್ಟಿ ಬರುತ್ತೀರಿ. ಎಂಟರಲ್ಲಿ ಯಾವುದಾದರೂ ಬಿಟ್ಟುಹೋದರೆ ಇನ್ನೊಂದು ಎಳೆ ಎಲ್ಲೋ ಉಳಿದಿದೆ ಎಂದೇ ಅರ್ಥ.

ಆದರೆ ಯಾವ ಎರಡು ಗುರುತನ್ನು ಒರೆಸಿದರೂ ಆಗುತ್ತದೆ ಎಂದುಕೊಳ್ಳಬೇಡಿ. ಮೊದಲು 1–2ರ ನಡುವೆ ಬಾಗಿಸಿ, ಆಮೇಲೆ ಎದುರು ಮೂಲೆಯಲ್ಲಿ 8–9ರ ನಡುವೆ ಬಾಗಿಸಿ ನೋಡಿ. ಎಳೆಗಳು ಮತ್ತೆ ಮೂರೇ ಆಗಿರುತ್ತವೆ! 8–9ರ ನಡುವೆ ದಾಟುತ್ತಿದ್ದದ್ದೂ ಮೊದಲಿನ ಆ ಎರಡು ಎಳೆಗಳೇ. 1–2ರಲ್ಲಿ ಅವು ಒಂದಾದ ಮೇಲೆ 8–9ರಲ್ಲಿ ಒಂದು ಎಳೆ ತನ್ನನ್ನೇ ದಾಟುತ್ತಿರುತ್ತದೆ. ಅಲ್ಲಿ ಬಾಗಿಸಿದಾಗ ಕೂಡಿದ ಎಳೆ ಎರಡಾಗಿ ತುಂಡಾಗುತ್ತದೆ. ಬೇರೆ ಬೇರೆ ಎಳೆಗಳು ದಾಟುವಲ್ಲಿ ಬಾಗಿಸಿದರೆ ಕೂಡುವುದು ಖಂಡಿತ, ಒಂದೇ ಎಳೆ ತನ್ನನ್ನು ದಾಟುವಲ್ಲಿ ಬಾಗಿಸಿದರೆ ಒಡೆಯಬಹುದು. ಆದ್ದರಿಂದ ಒರೆಸುವ ಮೊದಲು ಅಲ್ಲಿ ದಾಟುತ್ತಿರುವವರು ಯಾರು ಎಂದು ಬೆರಳಿನಿಂದ ನೋಡಿಕೊಳ್ಳಬೇಕು. ಬಣ್ಣದಲ್ಲಿ ಹಾಕಿದ್ದರೆ ಕಣ್ಣೇ ಹೇಳುತ್ತದೆ.

ಈ ಬಾಗಿಸುವ ಕೆಲಸವನ್ನು ಪೌಲಸ್ ಗೆರ್ಡೆಸ್ ಎಂಬ ಗಣಿತಜ್ಞರು ಕನ್ನಡಿ ಇಡುವುದು ಎಂದು ಕಂಡರು. ಗುರುತಿನ ಜಾಗದಲ್ಲಿ ಎರಡೂ ಮುಖ ಹೊಳೆಯುವ ಪುಟ್ಟ ಕನ್ನಡಿಯನ್ನು ನಿಲ್ಲಿಸಿದರೆ ಬೆಳಕಿನ ಕಿರಣ ಹೇಗೆ ಹಿಂದಿರುಗುತ್ತದೋ ಎಳೆಯೂ ಹಾಗೆ ಹಿಂದಿರುಗುತ್ತದೆ. ಅವರು ಆಫ್ರಿಕಾದ ಮೊಜಾಂಬಿಕ್‌ನಲ್ಲಿ ಪಾಠ ಮಾಡುತ್ತಿದ್ದವರು. ಅಂಗೋಲಾದ ಚೋಕ್ವೆ ಜನ ಮರಳಿನಲ್ಲಿ ಬೆರಳಿನಿಂದ ಬಿಡಿಸುವ ಸೋನಾ ಚಿತ್ರಗಳನ್ನು ಬಹುಕಾಲ ಅಧ್ಯಯನ ಮಾಡಿದರು. ಚೋಕ್ವೆಯವರೂ ಮೊದಲು ಸಮ ದೂರದಲ್ಲಿ ಚುಕ್ಕಿ ಒತ್ತುತ್ತಾರೆ, ಆಮೇಲೆ ಕತೆ ಹೇಳುತ್ತಾ ಅವುಗಳನ್ನು ಮುಟ್ಟದೆ ಸುತ್ತ ಎಳೆ ಎಳೆಯುತ್ತಾರೆ. ಅವುಗಳ ಜೊತೆಗೆ ಗೆರ್ಡೆಸ್ ತಮಿಳುನಾಡಿನ ಕೋಲಂಗಳನ್ನೂ ಇಟ್ಟು ನೋಡಿದರು. ನಮ್ಮ ಕಡೆಯಲ್ಲೇ ಮದ್ರಾಸಿನ ಗಿಫ್ಟ್ ಸಿರೊಮನಿ ಮತ್ತು ಅವರ ಜೊತೆಗಾರರು 1970ರ ದಶಕದಲ್ಲಿ ಕೋಲಂ ಬಿಡಿಸುವ ಕ್ರಮವನ್ನು ಕಂಪ್ಯೂಟರಿಗೆ ಅರ್ಥವಾಗುವ ನಿಯಮಗಳಾಗಿ ಬರೆಯುವುದು ಹೇಗೆ ಎಂದು ಕೆಲಸ ಮಾಡಿದರು.

ಮತ್ತೆ ಅಂಗಳಕ್ಕೆ. ಹಬ್ಬಕ್ಕೆ ಒಂಬತ್ತು ಚುಕ್ಕಿ ಚಿಕ್ಕದಾಯಿತು ಎನಿಸಿದರೆ ಐದು ಸಾಲು, ಸಾಲಿಗೆ ಐದು ಚುಕ್ಕಿ ಇಡಿ. 5 ಮತ್ತು 5ರ ಮ.ಸಾ.ಅ. 5, ಆದ್ದರಿಂದ ಐದು ಎಳೆ. ಒಂದು ಕನ್ನಡಿ ಹೆಚ್ಚೆಂದರೆ ಎರಡು ಎಳೆಗಳನ್ನು ಕೂಡಿಸುತ್ತದೆ. ಐದನ್ನು ಒಂದು ಮಾಡಲು ನಾಲ್ಕಾದರೂ ಬೇಕು. ಎಲ್ಲಿ ಇಡುವುದು? ಒಂಬತ್ತು ಚುಕ್ಕಿಯಲ್ಲಿ ಮಾಡಿದಂತೆಯೇ ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ, ಅದರ ನಾಲ್ಕೂ ಸಂದುಗಳಲ್ಲಿ. ಚೌಕದ ಮೇಲಿನ ಸಾಲಿನ ಮೊದಲ ಸಂದಿನಲ್ಲಿ ದಾಟುವುದು ಒಂದನೇ ಎರಡನೇ ಎಳೆ, ಮುಂದಿನದರಲ್ಲಿ ಎರಡನೆಯದು ಮೂರನೆಯದು, ಅದರ ಮುಂದಿನದರಲ್ಲಿ ಮೂರನೆಯದು ನಾಲ್ಕನೆಯದು, ಹೀಗೆ ಸರಪಳಿಯಂತೆ. ಎಲ್ಲ ಕಡೆಯೂ ಬೇರೆ ಬೇರೆ ಎಳೆಗಳೇ ದಾಟುವುದರಿಂದ ಯಾವುದೂ ಒಡೆಯುವ ಭಯವಿಲ್ಲ, ಎಡ ಬಲ ಎರಡೂ ಬದಿ ಸಮನಾಗಿಯೂ ಕಾಣುತ್ತವೆ. ಎಷ್ಟೇ ದೊಡ್ಡ ಚೌಕವಾದರೂ ಇದು ನಡೆಯುತ್ತದೆ. ಐದರ ರಂಗೋಲಿಯಲ್ಲಿ ಅಂಚಿನ ಚುಕ್ಕಿಗಳು 16. ಬೆರಳು ಅಷ್ಟನ್ನೂ ಹೊರಗಿನಿಂದ ಬಳಸಿ ಹೊರಟಲ್ಲಿಗೆ ಬಂದರೆ, ಚುಕ್ಕಿಗಳ ನಡುವೆ ಉಳಿದ ಖಾಲಿ ಮನೆಗಳಿಗೆ ಬಣ್ಣ ತುಂಬಲು ಶುರುಮಾಡಬಹುದು.